ಖಾರದ ಪುಡಿಯ ಕೆಂಪು ಎಲ್ಲಿಂದ ಬಂತು?
ಪೊಟ್ಟಣದ ಮಸಾಲೆ ಪುಡಿಗಳನ್ನು ಪರಿಶೀಲಿಸಿ ಕೊಳ್ಳುವ ಕ್ರಮ

ಬೇಸಿಗೆ ಕಾಲಿಡುವ ಹೊತ್ತಿಗೆ ಸಂತೆಯಿಂದ ಮೆಣಸಿನಕಾಯಿ ತಂದು, ಅಂಗಳದಲ್ಲಿ ಹರವಿ, ತೊಟ್ಟು ಬಿಡಿಸಿ, ಗಿರಣಿಗೆ ಒಯ್ದು ವರ್ಷದ ಖಾರವನ್ನು ಸಿದ್ಧಪಡಿಸಿಕೊಳ್ಳುವ ರೂಢಿ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಆದರೆ ಮಕ್ಕಳು ಊರು ಬಿಟ್ಟು ನಗರ ಸೇರಿದ ಮನೆಗಳಲ್ಲಿ, ಕೈಲಾಗದ ವೃದ್ಧರಷ್ಟೇ ಉಳಿದ ಮನೆಗಳಲ್ಲಿ ಈ ಕೆಲಸ ನಿಂತುಹೋಗಿದೆ. ಅಲ್ಲಿಗೆ ಅಂಗಡಿಯ ಪೊಟ್ಟಣ ಬಂದಿದೆ. ಇದನ್ನು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇಡೀ ಕಾಯಿಯನ್ನು ಕೊಳ್ಳುವಾಗ ಕಣ್ಣು, ಮೂಗು, ಬೆರಳು ಮೂರೂ ಪರೀಕ್ಷೆ ನಡೆಸುತ್ತಿದ್ದವು. ಪೊಟ್ಟಣ ಕೊಳ್ಳುವಾಗ ಕಣ್ಣಿಗೆ ಕಾಣುವುದು ಬಣ್ಣವೊಂದೇ. ಆ ಬಣ್ಣವೇ ನಮ್ಮನ್ನು ಹೆಚ್ಚಾಗಿ ದಾರಿ ತಪ್ಪಿಸುವಂಥದು. ಆದ್ದರಿಂದ ಖಾರದ ಪುಡಿಯನ್ನೇ ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ಪೊಟ್ಟಣವನ್ನು ಪರಿಶೀಲಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಬಣ್ಣ ಬೇರೆ, ಖಾರ ಬೇರೆ

ಮೆಣಸಿನಕಾಯಿ ನಮ್ಮ ನೆಲದ ಮೂಲ ವಸ್ತುವಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಚರಕ, ಸುಶ್ರುತ ಸಂಹಿತೆಗಳಲ್ಲಿ ಅದರ ಪ್ರಸ್ತಾಪವಿಲ್ಲ. ಅಲ್ಲಿ ಬರುವ ಮರೀಚವು ಕಾಳುಮೆಣಸು. ಆದರೂ ಅದರ ಗುಣವನ್ನು ಆಯುರ್ವೇದದ ಅಳತೆಗೋಲಿನಿಂದ ನೋಡಿದರೆ ಕಟು ರಸ, ಉಷ್ಣ ವೀರ್ಯ, ತೀಕ್ಷ್ಣ ಗುಣವೆಂಬುದು ಸ್ಪಷ್ಟ. ಪಿತ್ತ ಪ್ರಕೃತಿಯವರಿಗೆ, ಆಮ್ಲಪಿತ್ತದಿಂದ ಬಳಲುವವರಿಗೆ, ಮೂಲವ್ಯಾಧಿ ಇರುವವರಿಗೆ ಅದರ ಪ್ರಮಾಣವೇ ಮುಖ್ಯ.

ಮೆಣಸಿನಕಾಯಿಯ ಬಣ್ಣ ಇರುವುದು ಸಿಪ್ಪೆಯಲ್ಲಿ. ಖಾರ ಹೆಚ್ಚಾಗಿ ಇರುವುದು ಒಳಗೆ ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಇವೆರಡೂ ಬೇರೆ ಬೇರೆ ವಸ್ತುಗಳು. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಕಾಯಿಯ ಹಿರಿಮೆ ಇರುವುದು ಇಲ್ಲಿಯೇ. ಅದರಲ್ಲಿ ಬಣ್ಣ ಬಹಳ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಗುಂಟೂರಿನ ಕಾಯಿಯ ಸ್ವಭಾವ ಬೇರೆ. ಅದರಲ್ಲಿ ಖಾರವೇ ಪ್ರಧಾನ. ಹೀಗಾಗಿ ಒಂದೇ ಬಣ್ಣದ ಸಾರು ಎರಡು ಮನೆಗಳಲ್ಲಿ ಹೊಟ್ಟೆಯ ಮೇಲೆ ಎರಡು ಬಗೆಯ ಪರಿಣಾಮ ಮಾಡಬಲ್ಲದು.

ಒಬ್ಬ ತಾಯಿಯ ಉದಾಹರಣೆ

ಎದೆಯುರಿ, ಹುಳಿತೇಗುಗಳಿಂದ ಬಳಲುತ್ತಿದ್ದ ಅರವತ್ತರ ಸಮೀಪದ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಊಟದ ಸಮಯದಲ್ಲಿ, ನಿದ್ರೆಯಲ್ಲಿ ವ್ಯತ್ಯಾಸವಿರಲಿಲ್ಲ. "ನಾವು ಮೊದಲಿನಿಂದಲೂ ಇಷ್ಟೇ ಖಾರ ಉಣ್ಣೋದ್ರೀ, ಡಾಕ್ಟರೇ. ಆಗ ಏನೂ ಆಗ್ತಿರಲಿಲ್ಲ" ಎಂಬುದು ಅವರ ಮಾತು. ವಿಚಾರಿಸಿದಾಗ, ಎರಡು ವರ್ಷಗಳಿಂದ ಮನೆಯಲ್ಲಿ ಖಾರ ಮಾಡಿಸುವುದನ್ನು ನಿಲ್ಲಿಸಿ ಪೊಟ್ಟಣ ತರುತ್ತಿರುವ ಸಂಗತಿ ತಿಳಿಯಿತು. ಪೊಟ್ಟಣವನ್ನೂ, ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೆಯ ಖಾರವನ್ನೂ ತರಲು ಹೇಳಿದೆವು.

ಪೊಟ್ಟಣದ ಮುಂಭಾಗದಲ್ಲಿ ಕೆಂಪು ಕಾಯಿಗಳ ಚಿತ್ರವಿತ್ತು. ಕಡುಗೆಂಪು ಬಣ್ಣದ ಭರವಸೆಯ ಮಾತಿತ್ತು. ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಇದ್ದುದು "ಮೆಣಸಿನಕಾಯಿ, ಖಾದ್ಯ ಎಣ್ಣೆ" ಎಂದಷ್ಟೇ. ಯಾವ ತಳಿಯ ಕಾಯಿ, ಎಲ್ಲಿಯದು ಎಂಬ ಉಲ್ಲೇಖವಿರಲಿಲ್ಲ. ಎರಡೂ ಪುಡಿಗಳನ್ನು ಕಾಲು ಚಮಚದಷ್ಟು ತೆಗೆದು ಬೇರೆ ಬೇರೆಯಾಗಿ ಎರಡೆರಡು ತುತ್ತು ತುಪ್ಪದನ್ನದಲ್ಲಿ ಕಲಸಿ ನಾವೇ ರುಚಿ ನೋಡಿದೆವು. ಅನ್ನದ ಬಣ್ಣ ಹೆಚ್ಚುಕಡಿಮೆ ಒಂದೇ. ಮನೆಯ ಖಾರ ನಾಲಿಗೆಗೆ ಹಿತವಾಗಿತ್ತು. ಪೊಟ್ಟಣದ್ದು ಗಂಟಲನ್ನು ಉರಿಸಿತು. ಆ ತಾಯಿ ಹಳೆಯ ರೂಢಿಯಂತೆ ಪಲ್ಯಕ್ಕೆ ಎರಡು ಚಮಚ ಹಾಕುತ್ತಿದ್ದರು. ಚಮಚದ ಲೆಕ್ಕ ಬದಲಾಗಿರಲಿಲ್ಲ. ಆದರೆ ಹೊಟ್ಟೆಗೆ ಹೋಗುವ ಖಾರ ಬಹಳ ಹೆಚ್ಚಾಗಿತ್ತು.

ಆ ಪೊಟ್ಟಣದ ಪುಡಿಯಲ್ಲಿ ಕಲಬೆರಕೆಯೇನೂ ನಮಗೆ ಕಾಣಲಿಲ್ಲ ಎಂಬುದನ್ನು ಗಮನಿಸಬೇಕು. ಖಾರದ ಕಾಯಿಯ ಪುಡಿಯನ್ನು ಖಾರದ ಪುಡಿಯೆಂದೇ ಮಾರಿದ್ದರು. ಕೊಳ್ಳುವವರು ಬಣ್ಣ ನೋಡಿ ಅದನ್ನು ಬ್ಯಾಡಗಿಯೆಂದು ಭಾವಿಸಿದ್ದರು, ಅಷ್ಟೇ. ಔಷಧದೊಂದಿಗೆ ಪುಡಿಯನ್ನೂ ಬದಲಿಸಿದ ಮೇಲೆ ಎರಡು ತಿಂಗಳಲ್ಲಿ ಅವರ ಉರಿ ಶಮನವಾಯಿತು. ಅದರಲ್ಲಿ ಔಷಧದ ಪಾಲೆಷ್ಟು, ಪುಡಿಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಆದರೆ ಪುಡಿಯನ್ನು ಬದಲಿಸದೆ ಔಷಧವನ್ನಷ್ಟೇ ಕೊಟ್ಟಿದ್ದರೆ ಅದು ಒಲೆಯ ಉರಿ ತಗ್ಗಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಆಗುತ್ತಿತ್ತು.

ಮೊದಲ ಪ್ರಶ್ನೆ: ಯಾವ ಕಾಯಿ?

ಆದುದರಿಂದ ಪೊಟ್ಟಣವನ್ನು ಕೈಗೆತ್ತಿಕೊಂಡಾಗ ಮೊದಲು ಹುಡುಕಬೇಕಾದುದು ಇಡೀ ಕಾಯಿಯ ಹೆಸರನ್ನು. ಚಿತ್ರವನ್ನಲ್ಲ, ಮುಂಭಾಗದ ಘೋಷಣೆಯನ್ನಲ್ಲ. ಹಿಂಭಾಗದಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಓದಬೇಕು. "ಬ್ಯಾಡಗಿ ಮೆಣಸಿನಕಾಯಿ" ಎಂದಿರುವುದಕ್ಕೂ "ಬ್ಯಾಡಗಿ ಬಣ್ಣ", "ಕಾಶ್ಮೀರಿ ಬಗೆ" ಎಂದಿರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಕಾಯಿಯನ್ನು ಹೆಸರಿಸುತ್ತದೆ. ಉಳಿದವು ಹೋಲಿಕೆಯನ್ನು ಮಾತ್ರ ಹೇಳುತ್ತವೆ. ಬ್ಯಾಡಗಿಯ ಮಾರುಕಟ್ಟೆಗೆ ಬರುವ ಕಾಯಿಯೆಲ್ಲ ಬ್ಯಾಡಗಿ ತಳಿಯದಲ್ಲ ಎಂಬುದೂ ತಿಳಿದಿರಲಿ. ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದಿಂದಲೂ ಬೇರೆ ಬೇರೆ ತಳಿಗಳ ಕಾಯಿ ಅಲ್ಲಿಗೆ ಬರುತ್ತದೆ.

ಬೆಲೆಯೂ ಒಂದು ಸಾಕ್ಷಿ. ಒಂದು ಕಿಲೋ ಇಡೀ ಕಾಯಿಗೆ ಅಂಗಡಿಯಲ್ಲಿ 400 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ತೊಟ್ಟು ಬಿಡಿಸಿ, ಒಣಗಿಸಿ, ಕುಟ್ಟಿಸಿದಾಗ ಸುಮಾರು 900 ಗ್ರಾಂ ಪುಡಿ ಉಳಿಯಿತು. ಗಿರಣಿಗೆ 40 ರೂಪಾಯಿ ಕೊಟ್ಟೆವು. ಒಟ್ಟು 440 ರೂಪಾಯಿ ವೆಚ್ಚ. ಅಂದರೆ ಕಿಲೋ ಪುಡಿಯ ನಿಜವಾದ ಬೆಲೆ ಸುಮಾರು 490 ರೂಪಾಯಿ. ಸಗಟಿನಲ್ಲಿ ಕೊಳ್ಳುವ ಕಂಪನಿಗೆ ಕಾಯಿ ಅಗ್ಗಕ್ಕೆ ಸಿಗಬಹುದು. ಆದರೆ ಅದರ ಮೇಲೆ ಪೊಟ್ಟಣ, ಸಾಗಣೆ, ಅಂಗಡಿಯವರ ಲಾಭ ಸೇರುತ್ತವೆ. ಹಾಗಿರುವಾಗ ಅದೇ ತಳಿಯ ಪುಡಿಯೆಂದು ಹೇಳಿಕೊಳ್ಳುವ ಪೊಟ್ಟಣ ಕಿಲೋಗೆ 300 ರೂಪಾಯಿಗೆ ದೊರೆತರೆ, ಒಳಗಿರುವುದು ಬೇರೆ ಕಾಯಿ ಇಲ್ಲವೇ ಕೀಳು ದರ್ಜೆಯ ಕಾಯಿ ಎಂದು ಸಂಶಯಪಡಲು ಕಾರಣವಿದೆ. ಈ ಲೆಕ್ಕವನ್ನು ಆಯಾ ದಿನದ ದರದಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು.

ಕಾಯಿಯ ದರ್ಜೆ ಆರೋಗ್ಯದ ವಿಷಯವೂ ಹೌದು. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ; ಅದು ಯಕೃತ್ತಿಗೆ ಹಾನಿಕರ, ಮನೆಯ ಅಡುಗೆಯ ಕಾವಿಗೆ ನಾಶವಾಗುವಂಥದಲ್ಲ. ಇಡೀ ಕಾಯಿಯಲ್ಲಿ ಬಿಳಚಿದ ಸಿಪ್ಪೆ, ಕಪ್ಪು ಕಲೆ, ಒಡೆದಾಗ ಒಳಗೆ ಕಾಣುವ ಬೂದುಬಣ್ಣದ ಎಳೆಗಳು ಇದನ್ನು ಹೇಳಿಬಿಡುತ್ತವೆ. ಪುಡಿಯಾದ ಮೇಲೆ ಇವೊಂದೂ ಕಾಣವು. ಮುಗ್ಗುಲು ವಾಸನೆಯೊಂದೇ ಸುಳಿವು. ಹೀಗಾಗಿಯೇ ಕಾಯಿ ಆರಿಸಿ ಕುಟ್ಟಿಸುವವರ ಪುಡಿಗೆ ಹೆಚ್ಚು ಬೆಲೆ ಕೊಡುವುದು ವ್ಯರ್ಥವಲ್ಲ.

ಎರಡನೆಯ ಪ್ರಶ್ನೆ: ಈ ಕೆಂಪು ಕಾಯಿಯದೇ?

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಮೆಣಸಿನಕಾಯಿಯ ಪುಡಿಗೆ ಯಾವ ಬಣ್ಣವನ್ನೂ ಬೆರೆಸುವಂತಿಲ್ಲ. ಶೇಕಡಾ 2ರವರೆಗೆ ಖಾದ್ಯ ಎಣ್ಣೆಯನ್ನು ಸೇರಿಸಲು ಮಾತ್ರ ಅವಕಾಶವಿದೆ. ಅದರ ಹೆಸರು, ಪ್ರಮಾಣಗಳನ್ನು ಪೊಟ್ಟಣದ ಮೇಲೆ ತಿಳಿಸಬೇಕು. ಎಣ್ಣೆ ತಾಗಿದ ಪುಡಿ ಗಾಢವಾಗಿ, ಹೊಳಪಾಗಿ ಕಾಣುತ್ತದೆ. ಆದ್ದರಿಂದ ಎಣ್ಣೆಯಿರುವ ಪುಡಿಯ ಹೊಳಪನ್ನು ಕಾಯಿಯ ಗುಣವೆಂದು ಎಣಿಸಬಾರದು.

ಕಾನೂನುಬಾಹಿರವಾಗಿ ಬೆರೆಸುವ ಬಣ್ಣಗಳಲ್ಲಿ ಸೂಡಾನ್ ಎಂಬ ಹೆಸರಿನವು ಕುಖ್ಯಾತವಾದವು. ಇವು ಮೇಣ, ಎಣ್ಣೆ, ಪಾಲಿಶ್‌ಗಳಿಗೆ ಬಳಸುವ ಕಾರ್ಖಾನೆಯ ಬಣ್ಣಗಳು. 2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿಯ ಪದಾರ್ಥಗಳಲ್ಲಿ ಇದು ಫ್ರಾನ್ಸ್‌ನಲ್ಲಿ ಪತ್ತೆಯಾಗಿ, ಯುರೋಪಿನ ಒಕ್ಕೂಟ ತಪಾಸಣೆಯನ್ನು ಕಡ್ಡಾಯಗೊಳಿಸಿತು. 2005ರಲ್ಲಿ ಬ್ರಿಟನ್ನಿನಲ್ಲಿ ಈ ಬಣ್ಣ ಬೆರೆತ ಖಾರದ ಪುಡಿಯಿಂದಾಗಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂಪಡೆಯಬೇಕಾಯಿತು.

ಒಂದು ಲೋಟ ನೀರಿನ ಮೇಲೆ ಚಿಟಿಕೆ ಖಾರದ ಪುಡಿಯನ್ನು ಉದುರಿಸಿ ನೋಡುವ ಪರೀಕ್ಷೆಯನ್ನು ಅನೇಕರು ಬಲ್ಲರು. ಬಣ್ಣ ಬೆರೆತಿದ್ದರೆ ಕೆಂಪು ಗೆರೆಗಳು ಕೂಡಲೇ ಕೆಳಗಿಳಿಯುತ್ತವೆ. ಈ ಪರೀಕ್ಷೆ ಒಳ್ಳೆಯದೇ. ಆದರೆ ಅದರ ಮಿತಿಯನ್ನು ಅರಿತಿರಬೇಕು. ನೀರಿನಲ್ಲಿ ಕರಗುವ ಬಣ್ಣವನ್ನು ಮಾತ್ರ ಅದು ತೋರಿಸುತ್ತದೆ. ಸೂಡಾನ್ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಹಾಗಾದರೆ ಎಣ್ಣೆಯಲ್ಲಿ ಹಾಕಿ ನೋಡಬಹುದೇ ಎಂದು ಕೇಳಬಹುದು. ಅದೂ ಫಲಿಸದು, ಏಕೆಂದರೆ ಮೆಣಸಿನಕಾಯಿಯ ಸಹಜ ಬಣ್ಣವೂ ಎಣ್ಣೆಯಲ್ಲೇ ಕರಗುತ್ತದೆ. ಒಗ್ಗರಣೆಯ ಎಣ್ಣೆ ಕೆಂಪಾಗುವುದು ಅದರಿಂದಲೇ. ಹೀಗಾಗಿ ನೀರಿನ ಪರೀಕ್ಷೆಯಲ್ಲಿ ಸೋತ ಪುಡಿಯನ್ನು ಬಿಸಾಡಬೇಕು. ಗೆದ್ದ ಪುಡಿ ಶುದ್ಧವೆಂದು ಮಾತ್ರ ತೀರ್ಮಾನಿಸಬಾರದು. ಸೂಡಾನ್ ಇದೆಯೋ ಇಲ್ಲವೋ ಎಂಬುದನ್ನು ಪ್ರಯೋಗಾಲಯವೊಂದೇ ಹೇಳಬಲ್ಲದು.

ಮನೆಯಲ್ಲಿ ಕಾಣಸಿಗುವ ಇನ್ನೊಂದು ಸುಳಿವಿದೆ. ಕಾಯಿಯ ಸಹಜ ಕೆಂಪು ಬೆಳಕು, ಗಾಳಿಗಳಿಗೆ ಸಿಕ್ಕಿ ತಿಂಗಳುಗಳಲ್ಲಿ ಮಂಕಾಗುತ್ತದೆ, ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಇದು ದೋಷವಲ್ಲ, ಸ್ವಭಾವ. ಕಿಟಕಿಯ ಬಳಿ ಗಾಜಿನ ಶೀಸೆಯಲ್ಲಿ ವರ್ಷವಿಡೀ ಇದ್ದರೂ ಕುಂಕುಮದಂತೆ ಹೊಳೆಯುವ ಪುಡಿಯನ್ನು ಸಂಶಯದಿಂದ ನೋಡುವುದೇ ಲೇಸು.

ಮೂರನೆಯ ಪ್ರಶ್ನೆ: ತೂಕ ಯಾವುದರದು?

ತೂಕ ಹೆಚ್ಚಿಸಲು ಬೆರೆಸುವ ವಸ್ತುಗಳಲ್ಲಿ ಇಟ್ಟಿಗೆಯ ಪುಡಿ, ಬಳಪದ ಕಲ್ಲಿನ ಪುಡಿ, ಹಿಟ್ಟು ಇವು ಹಳೆಯ ಬಗೆಯವು. ಲೋಟದ ನೀರಿನಲ್ಲಿ ಪುಡಿಯನ್ನು ಕದಡಿ, ತಳಕ್ಕಿಳಿದುದನ್ನು ಬೆರಳಿನಿಂದ ಉಜ್ಜಿದರೆ ಇಟ್ಟಿಗೆ ಮರಳಿನಂತೆ ತರಿತರಿಯಾಗಿಯೂ ಬಳಪದ ಕಲ್ಲು ಬಿಳುಪಾಗಿ, ಸಾಬೂನಿನಂತೆ ನುಣುಪಾಗಿಯೂ ಸಿಗುತ್ತದೆ. ಹಿಟ್ಟನ್ನು ಕಂಡುಹಿಡಿಯಲು ಔಷಧದ ಅಂಗಡಿಯ ಟಿಂಚರ್ ಅಯೋಡಿನ್ ಸಾಕು. ಒಂದು ಬಟ್ಟಲಿಗೆ ಚಿಟಿಕೆ ಪುಡಿ ತೆಗೆದು ಎರಡು ಹನಿ ಹಾಕಿದರೆ ಹಿಟ್ಟು ಇರುವಲ್ಲಿ ಕಡುನೀಲಿಯಾಗುತ್ತದೆ. ಪರೀಕ್ಷಿಸಿದ ಪುಡಿಯನ್ನು ಚೆಲ್ಲಿಬಿಡಬೇಕು. ಆದರೆ ಇದೇ ಪರೀಕ್ಷೆಯನ್ನು ಅರಿಸಿನಕ್ಕೆ ಮಾಡಿ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲಬಾರದು; ಅರಿಸಿನದಲ್ಲಿ ಪಿಷ್ಟ ಸಹಜವಾಗಿಯೇ ಬಹಳವಾಗಿರುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಬಗೆಯಿದೆ. ಕಾರ್ಖಾನೆಗಳಲ್ಲಿ ಮೆಣಸಿನಕಾಯಿಯಿಂದ ಬಣ್ಣ, ಖಾರಗಳ ಸತ್ವವನ್ನು ಹಿಂಡಿ ತೆಗೆಯುತ್ತಾರೆ. ಉಳಿಯುವ ಸಿಪ್ಪೆ ಕಬ್ಬಿನ ಸಿಪ್ಪೆಯಂತೆ ನಿಸ್ಸತ್ವ. ಅದನ್ನು ಪುಡಿಗೆ ಬೆರೆಸಿದರೆ ಹಿಟ್ಟೂ ಅಲ್ಲ, ಇಟ್ಟಿಗೆಯೂ ಅಲ್ಲ, ಮೆಣಸಿನಕಾಯಿಯೇ ಆದುದರಿಂದ ಮನೆಯ ಪರೀಕ್ಷೆಗೆ ಸಿಕ್ಕದು. ಇದನ್ನು ಹಿಡಿಯಲೆಂದೇ ಪುಡಿಯಲ್ಲಿ ಇರಬೇಕಾದ ಸತ್ವದ ಕನಿಷ್ಠ ಪ್ರಮಾಣವನ್ನು ನಿಯಮದಲ್ಲಿ ಗೊತ್ತುಪಡಿಸಿದ್ದಾರೆ. ಮೂಗಿಗೂ ಸ್ವಲ್ಪ ಸುಳಿವು ಸಿಗುತ್ತದೆ: ಪುಡಿಗೆ ಘಾಟಿಲ್ಲ, ಬಿಸಿ ಎಣ್ಣೆಗೆ ಹಾಕಿದರೂ ಪರಿಮಳ ಏಳುವುದಿಲ್ಲ, ಆದರೆ ಬಣ್ಣ ಮಾತ್ರ ಢಾಳಾಗಿದೆ ಎಂದಾದರೆ ಆ ಬಣ್ಣ ಎಲ್ಲಿಂದ ಬಂತೆಂದು ಕೇಳಲೇಬೇಕು.

ಗರಂ ಮಸಾಲೆಯಂಥ ಮಿಶ್ರ ಪುಡಿಗಳಲ್ಲಿ ಪದಾರ್ಥಗಳ ಪಟ್ಟಿಯೇ ದೊಡ್ಡ ಸಾಕ್ಷಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಏಲಕ್ಕಿ, ಲವಂಗಗಳ ಚಿತ್ರವಿರುವ ಪೊಟ್ಟಣದ ಪಟ್ಟಿಯಲ್ಲಿ ಕೊತ್ತಂಬರಿ ಬೀಜ, ಉಪ್ಪು ಮೊದಲು ಬಂದು ಏಲಕ್ಕಿ ಕೊನೆಯಲ್ಲಿದ್ದರೆ ನಾವು ಕೊಳ್ಳುತ್ತಿರುವುದು ಬಹುಪಾಲು ಕೊತ್ತಂಬರಿಯನ್ನು. ಮಿಶ್ರ ಮಸಾಲೆ ಪುಡಿಗೆ ಪಿಷ್ಟ, ಉಪ್ಪು ಸೇರಿಸಲು ಅವಕಾಶವಿದ್ದರೂ ಮಸಾಲೆಯ ಪಾಲು ಶೇಕಡಾ 85ಕ್ಕಿಂತ ಕಡಿಮೆಯಿರಬಾರದು. ರಕ್ತದೊತ್ತಡ ಇರುವವರು ಉಪ್ಪಿನ ಸ್ಥಾನವನ್ನು ಗಮನಿಸಲೇಬೇಕು. ಒಂದೊಂದರ ಹೆಸರನ್ನೂ ಬರೆಯದೆ "ಮಸಾಲೆ ಪದಾರ್ಥಗಳು" ಎಂದಷ್ಟೇ ಬರೆದ ಪೊಟ್ಟಣಕ್ಕಿಂತ, ಬಿಡಿಬಿಡಿಯಾಗಿ ಹೆಸರಿಸಿದ ಪೊಟ್ಟಣ ಹೆಚ್ಚು ನಂಬಿಕೆಗೆ ಅರ್ಹ.

ಅರಿಸಿನದ ವಿಷಯದಲ್ಲಿ ಒಂದು ಎಚ್ಚರಿಕೆ

ಖಾರದ ಮಾತಿನ ನಡುವೆ ಅರಿಸಿನವನ್ನು ತರಲು ಕಾರಣವಿದೆ. "ಇಡೀ ಕೊಂಬು ತಂದು ಕುಟ್ಟಿಸಿದರೆ ಭಯವಿಲ್ಲ" ಎಂಬ ನಂಬಿಕೆ ಅರಿಸಿನದಲ್ಲಿ ಪೂರ್ತಿ ನಿಜವಲ್ಲ. ಒಣಗಿದ ಕೊಂಬನ್ನು ತಿರುಗುವ ಪೀಪಾಯಿಯಲ್ಲಿ ಉಜ್ಜಿ ಹೊಳಪು ಬರಿಸುವಾಗ ಕೆಲವೆಡೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಸವರುತ್ತಾರೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಕಂಡುಬಂದ ಸೀಸದ ಮೂಲವನ್ನು ಹುಡುಕುತ್ತ ಹೋದ ಸಂಶೋಧಕರು ಈ ಬಣ್ಣ ಹಚ್ಚಿದ ಅರಿಸಿನವನ್ನು ತಲುಪಿದರು. 2019ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. ನೆರೆಗೆ ಸಿಕ್ಕಿ ಮಂಕಾದ ಕೊಂಬುಗಳನ್ನು ಮಾರುವ ಸಲುವಾಗಿ 1980ರ ದಶಕದಲ್ಲಿ ಅಲ್ಲಿ ಈ ಚಾಳಿ ಮೊದಲಾಯಿತೆಂದು ವ್ಯಾಪಾರಿಗಳು ಅವರಿಗೆ ಹೇಳಿದ್ದರು. ಅನಂತರ ಸರ್ಕಾರ ಬಿಗಿ ಕ್ರಮ ಕೈಗೊಂಡ ಮೇಲೆ ಅದು ಬಹುಮಟ್ಟಿಗೆ ನಿಂತಿತು.

ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಇಷ್ಟು ಪ್ರಮಾಣದವರೆಗೆ ನಿರಪಾಯ ಎಂದು ಹೇಳಬಹುದಾದ ಮಟ್ಟವೇ ಅದಕ್ಕಿಲ್ಲ. ಹಾಲಿಗೆ ಅರಿಸಿನ ಹಾಕಿ ಮಕ್ಕಳಿಗೆ, ಬಾಣಂತಿಯರಿಗೆ ಕೊಡುವ ನಮ್ಮಲ್ಲಿ ಇದು ಸಣ್ಣ ಸಂಗತಿಯಲ್ಲ. ಕೊಂಬು ಕೊಳ್ಳುವಾಗ ಬಂಗಾರದಂತೆ ಒಂದೇ ಸಮನೆ ಹೊಳೆಯುವುದನ್ನು ಬಿಟ್ಟು, ಸಿಪ್ಪೆಯ ಮಂಕುತನ, ಗೆರೆಗಳು ಉಳಿದಿರುವುದನ್ನು ಆರಿಸಬೇಕು. ಮುರಿದು ನೋಡಿದಾಗ ಒಳಗಿನ ಬಣ್ಣ ಹೊರಗಿನದಕ್ಕಿಂತ ಗಾಢವಾಗಿರುವುದು ಸಹಜ. ಕೊಂಬನ್ನು ನೀರಿನಲ್ಲಿ ಹಾಕಿದ ಕೂಡಲೇ ಹಳದಿ ಬಿಟ್ಟರೆ ಅದನ್ನು ಬಳಸಬಾರದು.

ನಾಲ್ಕನೆಯ ಪ್ರಶ್ನೆ: ಪುಡಿಯ ವಯಸ್ಸೆಷ್ಟು?

ಶಾರ್ಙ್ಗಧರ ಸಂಹಿತೆಯಲ್ಲಿ ಚೂರ್ಣವು ಎರಡು ತಿಂಗಳಾದ ಮೇಲೆ ವೀರ್ಯಹೀನವಾಗುತ್ತದೆ ಎಂದು ಹೇಳಿದೆ. ಇಡೀ ದ್ರವ್ಯಕ್ಕೆ ಅದೇ ಗ್ರಂಥ ಕೊಡುವ ಅವಧಿ ಒಂದು ವರ್ಷ. ಔಷಧಕ್ಕೆ ಹೇಳಿದ ಈ ಮಾತಿನ ಹಿಂದಿರುವ ತತ್ತ್ವ ಅಡುಗೆಯ ಪುಡಿಗೂ ಸಲ್ಲುತ್ತದೆ. ಇಡಿಯಾಗಿದ್ದಾಗ ಸಿಪ್ಪೆಯೊಳಗೆ ರಕ್ಷಿತವಾಗಿದ್ದ ಪರಿಮಳದ ತೈಲ, ಪುಡಿಯಾದಾಗ ಕಣಕಣವೂ ಗಾಳಿಗೆ ತೆರೆದುಕೊಂಡು ಹಾರಿಹೋಗುತ್ತದೆ. ಇಂದಿನ ಗಾಳಿಯಾಡದ ಪೊಟ್ಟಣ ಈ ಕ್ಷಯವನ್ನು ನಿಧಾನಗೊಳಿಸುತ್ತದೆ. ಆದರೆ ಪೊಟ್ಟಣದ ಮೇಲಿನ ಕೊನೆಯ ದಿನಾಂಕ ತೆರೆಯದ ಪೊಟ್ಟಣಕ್ಕೆ ಸಂಬಂಧಿಸಿದ್ದು. ಬಾಯಿ ಕತ್ತರಿಸಿದ ಮೇಲೆ ಶಾಸ್ತ್ರದ ಎರಡು ತಿಂಗಳೇ ಸರಿಯಾದ ಲೆಕ್ಕ.

ಆದ್ದರಿಂದ ಕೊನೆಯ ದಿನಾಂಕಕ್ಕಿಂತ ತಯಾರಿಕೆಯ ದಿನಾಂಕವನ್ನು ಮೊದಲು ನೋಡಬೇಕು. ಅಂಗಡಿಯ ಸಾಲಿನಲ್ಲಿ ಹಿಂದಿರುವ ಪೊಟ್ಟಣ ಹೆಚ್ಚು ಹೊಸದಾಗಿರುವುದುಂಟು. ತಿಂಗಳಿಗೆ 200 ಗ್ರಾಂ ಖಾರ ಬೇಕಾಗುವ ಮನೆಯವರು ಅಗ್ಗವೆಂದು ಎರಡು ಕಿಲೋ ಚೀಲವನ್ನು ತರಬಾರದು. 200 ಗ್ರಾಂನ ಎರಡು ಪೊಟ್ಟಣ ಸಾಕು. ಎಣ್ಣೆ ಸೇರಿದ ಪುಡಿ ಹಳತಾದಂತೆ ಕಮಟು ವಾಸನೆ ಬರುತ್ತದೆ. ಗಂಟುಕಟ್ಟಿದ ಪುಡಿ ತೇವ ಹೀರಿದ್ದರ ಗುರುತು. ಇವೆರಡನ್ನೂ ಹುರಿದು ಸರಿಪಡಿಸಲು ಹೋಗದೆ ಬಿಟ್ಟುಬಿಡಬೇಕು. ತೆರೆದ ಪುಡಿಯನ್ನು ಒಣಗಿದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರದಲ್ಲಿಡಬೇಕು. ಕುದಿಯುವ ಪಾತ್ರೆಯ ಮೇಲೆ ಪೊಟ್ಟಣವನ್ನೇ ಬಗ್ಗಿಸಿ ಸುರಿದರೆ ಆವಿ ಒಳಸೇರುತ್ತದೆ. ಒಣ ಚಮಚದಿಂದ ತೆಗೆಯುವುದು ಕ್ರಮ. ದಾಸೋಹದ ಅಡುಗೆಗೆ ದೊಡ್ಡ ಚೀಲಗಳನ್ನು ಸಮರ್ಪಿಸುವ ಭಕ್ತರು ಪುಡಿಯ ಬದಲು ಇಡೀ ಕಾಯಿಯನ್ನೇ ಕೊಟ್ಟರೆ, ಬೇಕಾದಾಗ ಬೇಕಾದಷ್ಟನ್ನೇ ಕುಟ್ಟಿಸಿಕೊಳ್ಳಬಹುದು.

ಸಂಶಯ ಬಂದಾಗ

ಪೊಟ್ಟಣದ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರಲೇಬೇಕು. ಅಗ್‌ಮಾರ್ಕ್ ಗುರುತಿದ್ದರೆ ಅದು ದರ್ಜೆಯನ್ನು ತಪಾಸಣೆ ಮಾಡಿಸಿಕೊಂಡ ಪುಡಿ. ಇಷ್ಟಾದರೂ ಸಂಶಯ ಉಳಿದರೆ, 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ವಿಧಿ ಕೊಳ್ಳುವ ಸಾಮಾನ್ಯನಿಗೂ ಒಂದು ಹಕ್ಕನ್ನು ಕೊಟ್ಟಿದೆ. ನಿಗದಿತ ಶುಲ್ಕ ತೆತ್ತು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿರಬೇಕು. ಪದಾರ್ಥ ನಿಯಮಕ್ಕೆ ಒಳಪಟ್ಟಿಲ್ಲವೆಂದು ವರದಿ ಬಂದರೆ ಶುಲ್ಕ ಹಿಂತಿರುಗುತ್ತದೆ. ಒಂದೇ ಬೀದಿಯ ನಾಲ್ಕಾರು ಮನೆಯವರು ಕೂಡಿ ಮಾಡಿಸಿದರೆ ಯಾರಿಗೂ ಭಾರವಾಗದು.

ಯಾವ ಕಾಯಿ, ಕೆಂಪು ಯಾವುದರದು, ತೂಕ ಯಾವುದರದು, ವಯಸ್ಸೆಷ್ಟು ಎಂಬ ಈ ನಾಲ್ಕು ಪ್ರಶ್ನೆಗಳನ್ನು ಅಂಗಡಿಯಲ್ಲಿ ನಿಂತೇ ಕೇಳಿಕೊಳ್ಳಲು ಎರಡು ನಿಮಿಷ ಸಾಕು. ಕಣ್ಣು ಸಾಲದ ಹಿರಿಯರು ಪೊಟ್ಟಣದ ಹಿಂಬದಿಯನ್ನು ಜೊತೆಯಲ್ಲಿರುವ ಮೊಮ್ಮಕ್ಕಳಿಂದ ಓದಿಸಿಕೊಳ್ಳಲಿ. ಹೊಸ ಪೊಟ್ಟಣ ತೆರೆದ ದಿನ ಡಬ್ಬಿಯ ಮೇಲೆ ದಿನಾಂಕ ಬರೆಯಲಿ. ಮೊದಲ ಅಡುಗೆಗೆ ಅರ್ಧ ಚಮಚ ಕಡಿಮೆಯೇ ಹಾಕಿ ರುಚಿ ನೋಡಲಿ.